ಈರುಳ್ಳಿಯ ಏರಿಳಿತ: ಒಂದು ಸಂವಾದ

ತಮಿಳುನಾಡಿನಲ್ಲಿ ದೊಡ್ಡ ಈರುಳ್ಳಿಯನ್ನು ಇಂದಿಗೂ ಅನೇಕರು ‘ಪಲ್ಲಾರಿ’ ಎಂದೇ ಕರೆಯುತ್ತಾರೆ. ಸಾಂಬಾರಿನ ಚಿಕ್ಕ ಈರುಳ್ಳಿ ಇಲ್ಲಿಯದು, ದೊಡ್ಡದು ಬಳ್ಳಾರಿಯ ಕಡೆಯಿಂದ ಬಂದದ್ದು ಎಂಬ ಹಳೆಯ ವ್ಯಾಪಾರದ ನೆನಪು ಆ ಹೆಸರಿನಲ್ಲಿದೆ. ಈಗ ಕೋಯಂಬೇಡು ಮಂಡಿಗೆ ನಾಸಿಕದಿಂದಲೂ ಆಂಧ್ರದಿಂದಲೂ ಕರ್ನಾಟಕದಿಂದಲೂ ಲಾರಿಗಳು ಬರುತ್ತವೆ. ಬೆಲೆ ಏರಿದಾಗ ನಾವೆಲ್ಲ ದಲ್ಲಾಳಿಯನ್ನು ಶಪಿಸುತ್ತೇವೆ, ಇಳಿದಾಗ ಈರುಳ್ಳಿಯನ್ನೇ ಮರೆಯುತ್ತೇವೆ. ಚಳ್ಳಕೆರೆಯ ಕಡೆಯ ನಮ್ಮ ಮಿತ್ರರೊಬ್ಬರಿಗೆ ಈ ಶಾಪ ಸರಿಬೀಳುವುದಿಲ್ಲ. ಅವರ ಮನೆತನ ಈರುಳ್ಳಿ ಬೆಳೆದದ್ದು. ಅವರೊಡನೆ ನಡೆದ ವಾದವನ್ನು ಇಲ್ಲಿ ಬರೆಯುತ್ತಿದ್ದೇವೆ.

“2018ರ ಕೊನೆಯಲ್ಲಿ ನಾಸಿಕ ಜಿಲ್ಲೆಯ ರೈತರೊಬ್ಬರು 750 ಕಿಲೋ ಈರುಳ್ಳಿ ಮಾರಿ, ಬಂದ 1,064 ರೂಪಾಯಿಯನ್ನು ಪ್ರಧಾನಿಗೇ ಕಳುಹಿಸಿಕೊಟ್ಟರು. ಮರುವರ್ಷ ಡಿಸೆಂಬರಿನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿತು. ಒಂದು ವರ್ಷದಲ್ಲಿ ದಲ್ಲಾಳಿಯ ದುರಾಸೆ ಅಷ್ಟು ಪಟ್ಟು ಬೆಳೆಯಿತೇ?” ಎಂದು ಅವರು ಕೇಳಿದರು.

ಬೆಳೆಯಲಾರದು, ಆದರೆ ಬೆಳೆಯೂ ಅಷ್ಟು ಪಟ್ಟು ಕುಗ್ಗಿರಲಿಲ್ಲವಲ್ಲ ಎಂದೆವು.

“ಕುಗ್ಗಬೇಕಾಗಿಲ್ಲ ಸ್ವಾಮಿ. ನಿಮ್ಮ ಬೀದಿಯಲ್ಲಿ ನೂರು ಮನೆ, ವಾರಕ್ಕೆ ಮನೆಗೊಂದು ಕಿಲೋ ಎಂದಿಟ್ಟುಕೊಳ್ಳಿ. ಈ ವಾರ ಬಂದದ್ದು ಎಂಬತ್ತೇ ಕಿಲೋ. ಇಪ್ಪತ್ತು ಕಿಲೋವನ್ನು ಯಾರಾದರೂ ಬಿಡಲೇಬೇಕು. ಬೆಲೆ ಐದು ರೂಪಾಯಿ ಏರಿದರೆ ಯಾರು ಬಿಡುತ್ತಾರೆ? ಈರುಳ್ಳಿಗೆ ಬದಲು ಇನ್ನೊಂದಿಲ್ಲ, ತಿಂಗಳ ಖರ್ಚಿನಲ್ಲಿ ಅದರ ಪಾಲೂ ಚಿಕ್ಕದು. ಮನೆಯಾಕೆ ಗೊಣಗಿಕೊಂಡೇ ಕೊಳ್ಳುತ್ತಾಳೆ. ಇಪ್ಪತ್ತು ಕಿಲೋ ಬಿಡಿಸುವಷ್ಟರಲ್ಲಿ ಬೆಲೆ ಇಮ್ಮಡಿಯೋ ಮುಮ್ಮಡಿಯೋ ಆಗಿರುತ್ತದೆ. ಅದೇ ನೂರಿಪ್ಪತ್ತು ಕಿಲೋ ಬಂದರೆ, ಅಗ್ಗವಾಯಿತೆಂದು ಹುಳಿಗೆ ಎರಡು ಪಟ್ಟು ಹಾಕುವವರುಂಟೇ? ಆಗ ಬೆಲೆ ಪಾತಾಳಕ್ಕೆ.”

ಹಾಗಾದರೆ ಹೆಚ್ಚಾದಾಗ ಕೂಡಿಟ್ಟು ಕಡಿಮೆಯಾದಾಗ ಕೊಟ್ಟರಾಯಿತಲ್ಲ, ಅಕ್ಕಿ ಗೋಧಿಗಳಂತೆ ಎಂದು ಕೇಳಿದೆವು. ಅವರ ಉತ್ತರದಲ್ಲಿ ವಿಷಯದ ತಿರುಳಿದೆ ಎಂದು ನಮಗೆ ತೋರಿತು.

ದೇಶದ ಈರುಳ್ಳಿಯ ದೊಡ್ಡ ಪಾಲು ಮಾರ್ಚಿಯಿಂದ ಮೇ ತನಕ ಕೀಳುವ ಹಿಂಗಾರು ಬೆಳೆ. ಒಣ ಬಿಸಿಲಿನಲ್ಲಿ ಕಿತ್ತದ್ದರಿಂದ ಅದರ ಕತ್ತು ಚೆನ್ನಾಗಿ ಒಣಗಿ ಮುಚ್ಚಿಕೊಳ್ಳುತ್ತದೆ, ಸಿಪ್ಪೆ ಗಟ್ಟಿಯಾಗುತ್ತದೆ. ಗಾಳಿಯಾಡುವ ಅಟ್ಟಣೆಗಳಲ್ಲಿ ಹರಡಿಟ್ಟ ಆ ದಾಸ್ತಾನೇ ಅಕ್ಟೋಬರ್ ತನಕ ನಮ್ಮೆಲ್ಲರ ಊಟಕ್ಕೆ ಆಧಾರ. ಅನಂತರ ಬರುವುದು ಚಿತ್ರದುರ್ಗ, ಗದಗ, ಧಾರವಾಡ, ಕರ್ನೂಲುಗಳ ಮುಂಗಾರು ಬೆಳೆ. ಅದರಲ್ಲಿ ನೀರಿನಂಶ ಹೆಚ್ಚು. ಕೀಳುವ ಹೊತ್ತಿಗೆ ಮಳೆ ಬಿದ್ದರೆ ಕತ್ತು ಒಣಗದೆ ಅಲ್ಲಿಂದಲೇ ಕೊಳೆ ಒಳಗಿಳಿಯುತ್ತದೆ. ಗಡ್ಡೆಯನ್ನು ಒತ್ತಿದಾಗ ಕತ್ತು ಮೆತ್ತಗಿದ್ದರೆ ಅದು ಹೆಚ್ಚು ದಿನ ಬಾಳದು. ಅದನ್ನು ಕೂಡಿಡುವ ಮಾತೇ ಇಲ್ಲ, ಕಿತ್ತೊಡನೆ ಮಾರಬೇಕು. ಶೀತಲಗೃಹವಿಲ್ಲವೇ ಎಂದರೆ, ಆಲೂಗಡ್ಡೆಗೆಂದು ಕಟ್ಟಿದ ತೇವದ ಕೋಣೆಯಲ್ಲಿ ಈರುಳ್ಳಿ ಬೇರು ಬಿಡುತ್ತದೆ. ಅದಕ್ಕೆ ಒಣ ತಂಪು ಬೇಕು. ಅಂಥಲ್ಲಿಟ್ಟರೂ, ಹೊರಗಿನ ಸೆಕೆಗೆ ತಂದೊಡನೆ ಮೈಬೆವರಿ ಮೊಳಕೆಯೊಡೆಯುತ್ತದೆ.

“ಇನ್ನು ಲೆಕ್ಕ ನೋಡಿ,” ಎಂದು ಮಿತ್ರರು ಚೀಟಿಯೊಂದರ ಬೆನ್ನಿನಲ್ಲಿ ಬರೆಯತೊಡಗಿದರು. “ಏಪ್ರಿಲಿನಲ್ಲಿ ಕಿಲೋ 15 ರೂಪಾಯಿಯಂತೆ ನೂರು ಕಿಲೋ ಇಟ್ಟೆನೆನ್ನಿ, 1,500 ರೂಪಾಯಿ. ಅಕ್ಟೋಬರಿಗೆ ತೂಕ ಇಳಿದದ್ದು, ಕೊಳೆತದ್ದು, ಮೊಳೆತದ್ದು ಎಲ್ಲ ಸೇರಿ ಮೂವತ್ತು ಕಿಲೋ ಹೋಯಿತು. ಬಾಡಿಗೆ, ಆರಿಸುವ ಕೂಲಿ, ಬಡ್ಡಿ 250. ಉಳಿದ ಎಪ್ಪತ್ತು ಕಿಲೋ ಮೇಲೆ 1,750 ಬಿತ್ತು, ಕಿಲೋಗೆ 25. ಒಂದು ಪೈಸೆ ಲಾಭವಿಲ್ಲದೆಯೇ ಹದಿನೈದು ಇಪ್ಪತ್ತೈದಾಯಿತು. ನಮ್ಮ ಕಡೆ ಮುಂಗಾರು ಬೆಳೆ ಚೆನ್ನಾಗಿ ಬಂದರೆ ಅವನು ಹದಿನೈದಕ್ಕೇ ಮಾರಿ ಏಳುನೂರು ಕಳೆದುಕೊಳ್ಳುತ್ತಾನೆ. ನಮ್ಮ ಬೆಳೆ ಕೊಳೆತರೆ ಅರವತ್ತಕ್ಕೆ ಮಾರುತ್ತಾನೆ. ನೀವು ಅವನನ್ನು ಕಾಣುವುದು ಎರಡನೆಯ ವರ್ಷ ಮಾತ್ರ.”

2019ರಲ್ಲಿ ಆದದ್ದೂ ಇದೇ. ಮುಂಗಾರು ಬೆಳೆ ಮಂಡಿಗೆ ಬರಬೇಕಾದ ದಿನಗಳಲ್ಲಿ ಮಹಾರಾಷ್ಟ್ರ ಕರ್ನಾಟಕಗಳಲ್ಲಿ ಮಳೆ ಬಿಡದೆ ಸುರಿಯಿತು. ಹಳೆಯ ದಾಸ್ತಾನು ಮುಗಿಯುತ್ತಿತ್ತು, ಹೊಸದು ಹೊಲದಲ್ಲೇ ಕೊಳೆಯಿತು. ಸೆಪ್ಟೆಂಬರ್ 29ರಂದು ಕೇಂದ್ರ ಸರ್ಕಾರ ರಫ್ತನ್ನು ನಿಷೇಧಿಸಿತು. ಈಜಿಪ್ಟ್, ಟರ್ಕಿಗಳಿಂದ ತರಿಸಿತು. ಬೆಲೆ ಡಿಸೆಂಬರ್ ತನಕ ಏರುತ್ತಲೇ ಹೋಯಿತು.

ಸರ್ಕಾರಿ ನೌಕರರಾದ ನಮಗೆ ಅಧಿಸೂಚನೆಗಳನ್ನು ಓದುವ ಅಭ್ಯಾಸವುಂಟು. ಅವುಗಳಲ್ಲಿ ಒಂದು ಕೌತುಕ ನಮ್ಮ ಕಣ್ಣಿಗೆ ಬಿದ್ದಿದೆ. ಚಿಕ್ಕಬಳ್ಳಾಪುರ, ಕೋಲಾರಗಳ ಸುತ್ತ ಬೆಳೆಯುವ ‘ಬೆಂಗಳೂರು ರೋಸ್’ ಎಂಬ ಪುಟ್ಟ, ಕಡುಗೆಂಪಿನ, ಘಾಟಿನ ಈರುಳ್ಳಿಯನ್ನು ನಮ್ಮ ಜನ ಕೊಳ್ಳುವುದು ಅಪರೂಪ. ಅದನ್ನು ತಿನ್ನುವವರು ಮಲೇಷ್ಯ, ಸಿಂಗಪುರ, ಶ್ರೀಲಂಕಾಗಳಲ್ಲಿದ್ದಾರೆ. 2019ರ ನಿಷೇಧದಲ್ಲಿ ಅದೂ ಸಿಕ್ಕಿಬಿತ್ತು. ಒಂದು ತಿಂಗಳಾದ ಮೇಲೆ 9,000 ಟನ್ನಿಗೆ ಅನುಮತಿ ಬಂತು. 2020ರ ಸೆಪ್ಟೆಂಬರ್ 14ರಂದು ಮತ್ತೆ ನಿಷೇಧ. ಅಕ್ಟೋಬರ್ 9ರಂದು 10,000 ಟನ್ನಿಗೆ ಅನುಮತಿ, ಅದೂ ನಮ್ಮ ಚೆನ್ನೈ ಬಂದರಿನ ಮೂಲಕ ಮಾತ್ರ. 2023ರ ಆಗಸ್ಟಿನಲ್ಲಿ ನಿಷೇಧದ ಬದಲು ಶೇಕಡ 40ರ ಸುಂಕ. ರೋಸ್‌ಗೆ ವಿನಾಯಿತಿ ದೊರೆತದ್ದು ಸೆಪ್ಟೆಂಬರ್ ಕೊನೆಗೆ. ಮೂರು ಸಲವೂ ಅದೇ ಈರುಳ್ಳಿ, ಅದೇ ತಡ. ಬಂದರಿನ ಕಂಟೈನರಿನಲ್ಲಿ ನಾಲ್ಕು ವಾರ ಕಾಯುವ ಶಕ್ತಿ ಈರುಳ್ಳಿಗಿಲ್ಲ. ಅದನ್ನು ತಡೆದದ್ದರಿಂದ ಕೋಯಂಬೇಡಿನಲ್ಲಿ ಒಂದು ರೂಪಾಯಿಯೂ ಇಳಿಯುವಂತಿರಲಿಲ್ಲ.

“ನಿಮ್ಮ ಕೇಂದ್ರ ಸರ್ಕಾರ” ಎಂದು ಮಿತ್ರರು ಆರಂಭಿಸಿದರು. ನಾವು ತಡೆದೆವು. ಬೆಲೆ ನೂರಾದಾಗ ಸುಮ್ಮನೆ ಕೂತ ಸರ್ಕಾರವನ್ನು ಯಾವ ಊರಿನ ಜನ ಕ್ಷಮಿಸಿಯಾರು? ಸರ್ಕಾರವೇ ಕೊಂಡಿಟ್ಟು ಮಾರುವ ಯೋಜನೆಯೂ ಇದೆ. 2020ರಲ್ಲಿ ನಾಫೆಡ್ ಒಂದು ಲಕ್ಷ ಟನ್ ಕೊಂಡಿತ್ತು.

“ದೇಶ ವರ್ಷಕ್ಕೆ ಎರಡೂವರೆ ಕೋಟಿ ಟನ್ನಿಗಿಂತ ಹೆಚ್ಚು ಬೆಳೆಯುತ್ತದೆ. ಒಂದು ಲಕ್ಷವೆಂದರೆ ಎರಡು ದಿನದ ಊಟಕ್ಕೂ ಸಾಲದು. ಅದರಲ್ಲೂ ಮೂವತ್ತು ಪಾಲು ಕೊಳೆಯುತ್ತದೆ, ಸರ್ಕಾರದ ಈರುಳ್ಳಿಯೆಂದು ಮೊಳಕೆ ತಡೆಯುತ್ತದೆಯೇ? ನನ್ನ ಮಾತು ಇಷ್ಟೇ. ಏರಿದ ವರ್ಷ ರಫ್ತು ಮುಚ್ಚುತ್ತಾರೆಂದು ಗೊತ್ತಾದ ಮೇಲೆ ಏಪ್ರಿಲಿನಲ್ಲಿ ಕೂಡಿಡುವವನು ಯಾರು? ನಷ್ಟದ ವರ್ಷದ ಏಳುನೂರನ್ನು ತುಂಬುವುದು ಆ ಅರವತ್ತರ ವರ್ಷವೇ. ಅದನ್ನು ಕಿತ್ತುಕೊಂಡರೆ ಮುಂದಿನ ವರ್ಷ ದಾಸ್ತಾನು ಇನ್ನೂ ಕಡಿಮೆ, ಜಿಗಿತ ಇನ್ನೂ ಎತ್ತರ.”

ಈ ಮಾತನ್ನು ನಾವು ಮುಕ್ಕಾಲು ಪಾಲು ಒಪ್ಪುತ್ತೇವೆ. ಕಾಲು ಪಾಲು ಏಕೆ ಒಪ್ಪುವುದಿಲ್ಲವೆಂದರೆ, ಆ ಅರವತ್ತು ರೂಪಾಯಿ ಎಷ್ಟೋ ಸಲ ಚಳ್ಳಕೆರೆಯ ರೈತನ ಕೈಗೆ ಹೋಗುವುದಿಲ್ಲ. ಅವನ ಗಡ್ಡೆ ಹೊಲದಲ್ಲೇ ಕೊಳೆತಿದೆ. ಹೋಗುವುದು ಅಟ್ಟಣೆಯುಳ್ಳವನಿಗೆ. ಆದರೂ ಬಾಗಿಲನ್ನು ಒಮ್ಮೆಲೇ ಮುಚ್ಚುವುದಕ್ಕಿಂತ, ಮಂಡಿಯ ಬೆಲೆ ಇಷ್ಟು ದಾಟಿದರೆ ರಫ್ತಿನ ಮೇಲೆ ಇಷ್ಟು ಸುಂಕ, ಇಷ್ಟಕ್ಕಿಳಿದರೆ ಸುಂಕವಿಲ್ಲ ಎಂಬ ಪಟ್ಟಿಯನ್ನು ಏಪ್ರಿಲಿನಲ್ಲೇ ಪ್ರಕಟಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಕೂಡಿಡುವವನು ತನ್ನ ಲೆಕ್ಕವನ್ನು ಆ ಪಟ್ಟಿಯನ್ನು ನೋಡಿಯೇ ಹಾಕಲಿ. ಬೆಂಗಳೂರು ರೋಸ್‌ನ ವಿನಾಯಿತಿ ಅದೇ ಪಟ್ಟಿಯ ಮೊದಲ ಸಾಲಿನಲ್ಲಿರಲಿ.

“ಏಪ್ರಿಲಿನಲ್ಲೇ?” ಎಂದು ಮಿತ್ರರು ನಕ್ಕರು. “ಆಗ ಕಿಲೋಗೆ ಹದಿನೈದು ರೂಪಾಯಿ. ದೆಹಲಿಯಲ್ಲಿ ಯಾರಿಗೆ ಈರುಳ್ಳಿಯ ನೆನಪಿರುತ್ತದೆ?”