ಅಕ್ಕ ಹೊರಟರು, ಅಜ್ಜ ಇಲ್ಲೇ ಉಳಿದ

ರಿಗ್ ಮಾಡಿದವರು ಕಾಲೇಜು ಬಿಟ್ಟು ಹೋಗುವ ಮುಂಚೆ ಒಂದು ಹಸ್ತಾಂತರ ಟಿಪ್ಪಣಿ ಬರೆದಿಟ್ಟು ಹೋಗಬೇಕು ಅನ್ನೋದಕ್ಕೆ ನಮ್ಮ ಸಂಘದಲ್ಲಿ ಯಾರದೂ ತಕರಾರಿಲ್ಲ. ತಕರಾರು ಇರೋದು ಅದರಲ್ಲಿ ಏನಿರಬೇಕು ಅನ್ನೋದರ ಬಗ್ಗೆ. ಕಂಟ್ರೋಲ್‌ಗಳ ಪಟ್ಟಿ ಕೊಟ್ಟರೆ ಸಾಕು ಅನ್ನುವವರಿದ್ದಾರೆ. ದೋಷಗಳನ್ನು ಬರೆಯುತ್ತಾ ಕೂರೋ ಬದಲು ಸರಿ ಮಾಡಿ ಹೋಗಲಿ ಅನ್ನುವವರೂ ಇದ್ದಾರೆ. ಈ ಎರಡು ಮಾತನ್ನೂ ನಾವು ಒಪ್ಪೋದಿಲ್ಲ. ಪಟ್ಟಿಯನ್ನು ರಿಗ್ ನೋಡಿಯೇ ಮಾಡಿಕೊಳ್ಳಬಹುದು. ರಿಗ್ ನೋಡಿದರೆ ತಿಳಿಯದೇ ಇರೋದು ಕಾರಣಗಳು ಮಾತ್ರ. ಟಿಪ್ಪಣಿ ಇರಬೇಕಾದ್ದು ಅದಕ್ಕೆ.

ನಮ್ಮ ಕೈಯಲ್ಲಿರುವ ರಿಗ್ಗನ್ನೇ ಉದಾಹರಣೆಗೆ ತಗೊಳ್ಳೋಣ. ಹೆಗಲ ಮೇಲೆ ಕಂಬಳಿ ಹಾಕಿ, ಕೋಲು ಹಿಡಿದು ಮಧುಗಿರಿ ಬೆಟ್ಟದ ಮೆಟ್ಟಿಲು ಹತ್ತುವ ಒಬ್ಬ ಅಜ್ಜ. ಬ್ಲೆಂಡರ್‌ನ ರಿಗಿಫೈ ಇಟ್ಟುಕೊಂಡು ಇದನ್ನು ಮಾಡಿದ ಸೀನಿಯರ್ ಅಕ್ಕ ಕೆಲಸ ಸಿಕ್ಕಿ ಹೊರಟರು. ಗೊತ್ತಿಲ್ಲದವರಿಗೆ ಒಂದು ಮಾತು: ರಿಗ್ ಅಂದರೆ ತೊಗಲುಗೊಂಬೆಗೆ ಕಟ್ಟಿದ ಕಡ್ಡಿಗಳಿದ್ದ ಹಾಗೆ. ಗೊಂಬೆ ಬಿಡಿಸುವವರು ಒಬ್ಬರು, ಆಡಿಸುವವರು ಇನ್ನೊಬ್ಬರು, ನಡುವೆ ಕಡ್ಡಿ ಕಟ್ಟುವವರು ಮತ್ತೊಬ್ಬರು. ಆ ನಡುವಿನವರೇ ಟೆಕ್ನಿಕಲ್ ಆನಿಮೇಟರ್.

ಅಕ್ಕನ ಟಿಪ್ಪಣಿಯಲ್ಲಿ ಕಂಟ್ರೋಲ್‌ಗಳಿಗೆ ಸಿಕ್ಕಿರೋದು ಅರ್ಧ ಪುಟ. ಇಡೀ ಅಜ್ಜನನ್ನು ಸರಿಸೋಕೆ `root`, ಮೈ ಎತ್ತಿ ಇಳಿಸೋಕೆ `torso`, ಪಾದಕ್ಕೆ `foot_ik.L`, ಹಿಮ್ಮಡಿ ಎತ್ತೋಕೆ `foot_heel_ik.L`. ಕೈಕಾಲಿಗೆ ಎರಡು ಬಗೆಯ ಚಲನೆ. ಪಾದ ಇಟ್ಟ ಕಡೆ ನಿಂತು ಮೊಣಕಾಲು ತಾನೇ ಬಾಗೋದು ಐಕೆ. ತೊಡೆ, ಮೊಣಕಾಲು, ಪಾದ ಅಂತ ಒಂದೊಂದನ್ನೇ ತಿರುಗಿಸೋದು ಎಫ್‌ಕೆ. `IK_FK` ಸ್ಲೈಡರ್ 0 ಇದ್ದರೆ ಐಕೆ, 1 ಇದ್ದರೆ ಎಫ್‌ಕೆ. ಮೆಟ್ಟಿಲು ಹತ್ತುವಾಗ ಕಾಲಿಗೆ 0, ಬೀಸುವ ಕೈಗೆ 1. ಅಷ್ಟು ಹೇಳಿ ಅಕ್ಕ ಮುಂದೆ ಹೋಗಿದ್ದಾರೆ. ಸರಿಯಾಗೇ ಮಾಡಿದ್ದಾರೆ, ಯಾಕಂದ್ರೆ ಇದನ್ನು ಯಾರಾದರೂ ಎರಡು ಗಂಟೆ ಎಳೆದಾಡಿ ನೋಡಿ ಕಂಡುಕೊಳ್ಳಬಹುದು.

ಎಳೆದಾಡಿದರೂ ಗೊತ್ತಾಗದ ವಿಷಯ ಶುರುವಾಗೋದು ಹೆಸರುಗಳಲ್ಲಿ. ರಿಗಿಫೈನಲ್ಲಿ `DEF-` ಅಂತ ಶುರುವಾಗುವ ಮೂಳೆಗಳು ಮೈಯನ್ನು ಬಾಗಿಸುತ್ತವೆ, `MCH-` ಮತ್ತು `ORG-` ಒಳಗಿನ ಯಂತ್ರ. ಈ ಮೂರನ್ನೂ ಆನಿಮೇಟರ್ ಮುಟ್ಟಬಾರದು. ಹೆಸರಿನ ಕೊನೆಯ `.L`, `.R` ಎಡಬಲ ಹೇಳುತ್ತವೆ. ಇದು ಬರೀ ನಮ್ಮ ಗುರುತಿಗಲ್ಲ. ಒಂದು ಭಂಗಿಯನ್ನು ನಕಲು ಮಾಡಿ ತಿರುಗಿಸಿ ಅಂಟಿಸಿದಾಗ, ಎಡಗಾಲಿನದು ಬಲಗಾಲಿಗೆ ಹೋಗಬೇಕು ಅಂತ ಬ್ಲೆಂಡರ್ ತಿಳಿಯೋದು ಈ ಬಾಲ ನೋಡಿಯೇ.

ಅಜ್ಜನ ಕಂಬಳಿ ಎಡ ಹೆಗಲ ಮೇಲೆ ಮಾತ್ರ ಇದೆ. ಅದರ ಮೂಳೆಯ ಹೆಸರು `kambali_01.L`. ರಿಗ್‌ನಲ್ಲಿ ಎಲ್ಲಿ ಹುಡುಕಿದರೂ `kambali_01.R` ಇಲ್ಲ. ಹೊಸಬರ ಕಣ್ಣಿಗೆ ಇದು ತಪ್ಪು. ಜೋಡಿ ಇಲ್ಲದ ಮೂಳೆಗೆ ಬಾಲ ಯಾಕೆ, ತೆಗೆದುಬಿಡೋಣ ಅನ್ನಿಸುತ್ತೆ. ಅಕ್ಕ ಕಾರಣ ಬರೆದಿದ್ದಾರೆ: ಭಂಗಿ ತಿರುಗಿಸಿ ಅಂಟಿಸುವಾಗ ಬ್ಲೆಂಡರ್ `kambali_01.R` ಅನ್ನು ಹುಡುಕುತ್ತೆ, ಸಿಗೋದಿಲ್ಲ, ಸುಮ್ಮನಾಗುತ್ತೆ. ಕಂಬಳಿ ಇದ್ದಲ್ಲೇ ಇರುತ್ತೆ. ಬಾಲ ತೆಗೆದರೆ ಅದನ್ನು ನಡುಮೈಯ ಮೂಳೆ ಅಂದುಕೊಂಡು ಅದರ ಭಂಗಿಯನ್ನು ಅದಕ್ಕೇ ಉಲ್ಟಾ ಅಂಟಿಸುತ್ತೆ. ಹೊರಕ್ಕೆ ಬೀಸಿದ್ದ ಕಂಬಳಿ ಎದೆಯೊಳಗೆ ಹೋಗುತ್ತೆ. ತಪ್ಪಿನ ಹಾಗೆ ಕಾಣುವುದು ಬೇಕಂತಲೇ ಮಾಡಿದ್ದು ಅಂತ ಹೇಳೋದಕ್ಕೆ ಆ ಒಂದು ಸಾಲು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಹೆಸರು ಬದಲಿಸಿದರೆ ಇನ್ನೊಂದು ಪೆಟ್ಟೂ ಬೀಳುತ್ತೆ. ಆನಿಮೇಶನ್ ಕೀಲಿಗಳು ಮೂಳೆಯನ್ನು ಹುಡುಕೋದು ಹೆಸರಿನಿಂದ:

```
pose.bones["kambali_01.L"].rotation_quaternion
```

ರಿಗ್ ಇರುವ ಫೈಲಿನಲ್ಲಿ ಹೆಸರು ಬದಲಿಸಿದರೆ ಅದೇ ಫೈಲಿನ ಆಕ್ಷನ್‌ಗಳಲ್ಲಿ ಈ ವಿಳಾಸವನ್ನು ಬ್ಲೆಂಡರ್ ತಾನೇ ತಿದ್ದಿಕೊಳ್ಳುತ್ತೆ. ಹಾಗಾಗಿ ಬದಲಿಸಿದವರಿಗೆ ಎಲ್ಲ ಸರಿಯಾಗೇ ಕಾಣುತ್ತೆ. ಆದರೆ ಒಂದೊಂದು ಶಾಟೂ ಬೇರೆ ಫೈಲು, ರಿಗ್ಗನ್ನು ಲಿಂಕ್ ಮಾಡಿಕೊಂಡಿದೆ. ಆ ಫೈಲುಗಳಲ್ಲಿ ಹಳೇ ಹೆಸರೇ ಉಳಿಯುತ್ತೆ. ಅವನ್ನು ತೆರೆದಾಗ ಕೀಲಿಗಳು ಇರುತ್ತವೆ, ಕಂಬಳಿ ಅಲುಗಾಡೋದಿಲ್ಲ. ಎಚ್ಚರಿಕೆಯ ಸಂದೇಶ ಯಾವುದೂ ಬರಲ್ಲ. ಗ್ರಾಫ್ ಎಡಿಟರ್‌ನಲ್ಲಿ ಆ ಚಾನೆಲ್ಲಿನ ಹೆಸರಿನ ಕೆಳಗೆ ಕೆಂಪು ಗೆರೆ ಕಂಡರೆ ಅದೇ ಗುರುತು.

ಇನ್ನು ಗೊತ್ತಿರುವ ಐಬುಗಳು. ಒಂದು ಚಿಕ್ಕದು: ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಬದಿಯಲ್ಲಿರಬೇಕಾದ ರಿಗ್ ಪ್ಯಾನೆಲ್ಲೇ ಕಾಣೋದಿಲ್ಲ. ಅದು ಫೈಲಿನೊಳಗಿನ ಪೈಥಾನ್ ಸ್ಕ್ರಿಪ್ಟ್, ಆ ಕಂಪ್ಯೂಟರಿನಲ್ಲಿ `Auto Run Python Scripts` ಆಫ್ ಇದ್ದರೆ ಓಡೋದಿಲ್ಲ. ರಿಗ್ ಕೆಟ್ಟಿಲ್ಲ, ಅನುಮತಿ ಕೊಟ್ಟರೆ ಬರುತ್ತೆ.

ದೊಡ್ಡದು ಮೊಣಕಾಲಿನದು. ಅಜ್ಜ ಮೇಲಿನ ಮೆಟ್ಟಿಲಿಗೆ ಮೈ ಎತ್ತುವಾಗ ಹಿಂದಿನ ಕಾಲು ನೆಟ್ಟಗಾಗುವ ಕ್ಷಣದಲ್ಲಿ ಮೊಣಕಾಲು ಟಕ್ ಅಂತ ಜಿಗಿಯುತ್ತೆ. ಪಾದದ ಗ್ರಾಫ್ ನೋಡಿದರೆ ನುಣುಪಾಗಿರುತ್ತೆ, `torso` ಗ್ರಾಫೂ ನುಣುಪು. ಆನಿಮೇಟರ್ ತನ್ನದೇ ತಪ್ಪಿರಬೇಕು ಅಂದುಕೊಂಡು ಇನ್ನಷ್ಟು ಕೀಲಿ ಹಾಕುತ್ತಾರೆ, ಜಿಗಿತ ಇನ್ನೂ ಜಾಸ್ತಿಯಾಗುತ್ತೆ.

ಕಾರಣ ಹೈಸ್ಕೂಲಿನ ತ್ರಿಕೋನಮಿತಿ. ಅಜ್ಜನ ತೊಡೆ 45 ಸೆಂ.ಮೀ., ಮೊಣಕಾಲಿನಿಂದ ಕೆಳಗೆ 45 ಸೆಂ.ಮೀ. ಸೊಂಟದಿಂದ ಹರಡಿಗೆ ಅಂತರ 90 ಆದರೆ ಕಾಲು ಪೂರಾ ನೆಟ್ಟಗೆ, ಬಾಗು 0 ಡಿಗ್ರಿ. ಅಂತರ 89ಕ್ಕೆ ಇಳಿದರೆ ಎರಡು ಸಮ ಬಾಹುಗಳ ತ್ರಿಕೋನ ಆಯ್ತು. ಅದನ್ನು ಮಧ್ಯದಲ್ಲಿ ಸೀಳಿದರೆ ಒಂದು ಬಾಹು 44.5, ಕರ್ಣ 45. ತೊಡೆ ನೇರಗೆರೆಯಿಂದ ಓರೆಯಾದ ಕೋನದ ಕೊಸೈನ್ 44.5/45, ಅಂದರೆ ಕೋನ ಸುಮಾರು 8.5 ಡಿಗ್ರಿ. ತೊಡೆ ಒಂದು ಕಡೆಗೆ ಅಷ್ಟು, ಕೆಳಗಾಲು ಇನ್ನೊಂದು ಕಡೆಗೆ ಅಷ್ಟು, ಒಟ್ಟು ಬಾಗು 17 ಡಿಗ್ರಿ. ಇನ್ನೊಂದು ಸೆಂ.ಮೀ. ಇಳಿಸಿ 88 ಮಾಡಿದರೆ ಬಾಗು 24. ಅಂದರೆ ಮೊದಲ ಸೆಂಟಿಮೀಟರಿಗೆ 17 ಡಿಗ್ರಿ, ಎರಡನೆಯದಕ್ಕೆ ಬರೀ 7. ಸೊಂಟ ಒಂದೇ ವೇಗದಲ್ಲಿ ಏರುತ್ತಿದ್ದರೂ ಮೊಣಕಾಲು ಕೊನೆಯ ಸೆಂಟಿಮೀಟರಿನಲ್ಲಿ ಎರಡೂವರೆ ಪಟ್ಟು ವೇಗವಾಗಿ ತಿರುಗಲೇಬೇಕು. ಇದು ಕೋಡಿನ ದೋಷವಲ್ಲ, ಐಕೆಯ ರೇಖಾಗಣಿತವೇ ಹಾಗೆ.

ಟಿಪ್ಪಣಿ ಕೊಡುವ ಉಪಾಯ ಸರಳ. `torso` ಅನ್ನು ಸ್ವಲ್ಪ ತಗ್ಗಿಸಿ, ಅಂತರ 88 ದಾಟದ ಹಾಗೆ ನೋಡಿಕೊಳ್ಳಿ. ವಯಸ್ಸಾದವರ ನಡಿಗೆಯಲ್ಲಿ ಮೊಣಕಾಲು ಕೊಂಚ ಬಾಗಿರೋದು ಸಹಜವೇ. ಹಿಂದಿನ ಕಾಲು ಉದ್ದ ಸಾಲದೆ ಹೋದರೆ `foot_heel_ik.L` ತಿರುಗಿಸಿ ಹಿಮ್ಮಡಿ ಎತ್ತಿ, ಹರಡು ಸೊಂಟದ ಹತ್ತಿರ ಬರುತ್ತೆ. ಕಾಲು ರಬ್ಬರಿನಂತೆ ಹಿಗ್ಗಿದರೆ `IK_Stretch` ಅನ್ನು 0 ಮಾಡಿ. ಹಿಗ್ಗೋದು ನಿಲ್ಲುತ್ತೆ, ಆದರೆ ಜಿಗಿತ ಅದರಿಂದ ಹೋಗೋದಿಲ್ಲ.

ಹಾಗಾದ್ರೆ ಅಕ್ಕ ಯಾಕೆ ಸರಿ ಮಾಡಲಿಲ್ಲ? ಕೊನೆಯ ಭಾಗವನ್ನು ನಿಧಾನಗೊಳಿಸುವ ವಿಧಾನ ಇದೆ, ಅದಕ್ಕೆ ಸಾಫ್ಟ್ ಐಕೆ ಅಂತಾರೆ. ಅದನ್ನು ಈಗ ಸೇರಿಸಿದರೆ, ಕಾಲು ಹೆಚ್ಚು ಚಾಚಿರುವ ಪ್ರತಿ ಫ್ರೇಮಿನಲ್ಲೂ ಲೆಕ್ಕ ಬದಲಾಗುತ್ತೆ. ಆಗಲೇ ಮುಗಿದಿರುವ ಶಾಟ್‌ಗಳಲ್ಲಿ ಮೆಟ್ಟಿಲ ಮೇಲೆ ಕೂತಿದ್ದ ಪಾದ ಜಾರುತ್ತೆ. ಸರಿ ಮಾಡಿ ಹೋಗಲಿ ಅನ್ನುವ ಗೆಳೆಯರಿಗೆ ನಮ್ಮ ಉತ್ತರ ಇದೇ: ಶಾಟ್ ಶುರುವಾಗುವ ಮುಂಚೆ ಸರಿ ಮಾಡಬೇಕು, ಶುರುವಾದ ಮೇಲೆ ಬರೆದಿಡಬೇಕು. ಸಿನಿಮಾ ಮಧ್ಯದಲ್ಲಿರುವಾಗ ಗೊತ್ತಿರುವ ಐಬು ಗೊತ್ತಿಲ್ಲದ ರಿಪೇರಿಗಿಂತ ವಾಸಿ. ಅದಕ್ಕೇ ಪ್ರತಿ ಐಬಿಗೂ ನಾಲ್ಕು ಸಾಲು ಬೇಕು: ಯಾವಾಗ ಕಾಣಿಸುತ್ತೆ, ಯಾಕೆ ಆಗುತ್ತೆ, ಈಗ ಹೇಗೆ ತಪ್ಪಿಸೋದು, ಯಾಕೆ ಹಾಗೇ ಬಿಟ್ಟಿದೆ. ನಾಲ್ಕನೆಯ ಸಾಲನ್ನೇ ಎಲ್ಲರೂ ಬಿಡೋದು. ಅದಿಲ್ಲದಿದ್ದರೆ ಮುಂದೆ ಬರುವ ಜಾಣರು ಯಾರಾದರೂ ಅದನ್ನು ಸರಿ ಮಾಡೇ ಮಾಡ್ತಾರೆ.

ಭಾಷೆಯ ಬಗ್ಗೆ ಒಂದು ಮಾತು. ಟಿಪ್ಪಣಿ ಇಂಗ್ಲಿಷಿನಲ್ಲಿದ್ದರೆ ವೃತ್ತಿಪರ ಅನ್ನೋದು ಕೆಲವರ ವಾದ. ನಮ್ಮ ತಂಡ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದವರದು. ಪಾವಗಡದವರಲ್ಲಿ ಕೆಲವರ ಮನೆಮಾತು ತೆಲುಗು. ಎಲ್ಲರೂ ಓದಿದ್ದು ಕನ್ನಡ. ಜಿಗಿತದ ಕಾರಣ ತಿಳಿಯಬೇಕಾದ್ದು ರಾತ್ರಿ ಹನ್ನೊಂದಕ್ಕೆ, ತಲೆ ಕೆಟ್ಟಿರುವಾಗ. ಆಗ ಕನ್ನಡವೇ ಬೇಗ ಒಳಗೆ ಇಳಿಯೋದು. ಕಂಟ್ರೋಲ್ ಹೆಸರುಗಳು ಮಾತ್ರ ಪರದೆ ಮೇಲೆ ಹೇಗಿವೆಯೋ ಹಾಗೇ ಇರಲಿ, ಅಕ್ಷರವೂ ಆಚೀಚೆ ಆಗದೆ. ಕಂಬಳಿಯನ್ನು ಒಬ್ಬರು `kambali`, ಇನ್ನೊಬ್ಬರು `kambli` ಅಂತ ಬರೆದರೆ ನಮಗೆ ಅರ್ಥವಾಗುತ್ತೆ, ಬ್ಲೆಂಡರ್‌ಗೆ ಅವು ಎರಡು ಬೇರೆ ಮೂಳೆಗಳು. ಹಾಗಾಗಿ ನಮ್ಮ ಪದಗಳ ಇಂಗ್ಲಿಷ್ ಕಾಗುಣಿತದ ಪಟ್ಟಿ ಟಿಪ್ಪಣಿಯ ಮೊದಲ ಪುಟದಲ್ಲೇ ಇರಲಿ.

ಫೋನ್ ಮಾಡಿ ಕೇಳಿದರಾಯ್ತು ಅನ್ನೋದು ಕೊನೆಯ ವಾದ. ಹೋದವರು ಮೊದಲ ವರ್ಷ ಎತ್ತುತ್ತಾರೆ. ಎರಡನೇ ವರ್ಷ ಅವರಿಗೇ ಮರೆತಿರುತ್ತೆ. ದೊಡ್ಡ ಸ್ಟುಡಿಯೋಗಳಲ್ಲೂ ಹೇಳಿ ಹೋಗುವಷ್ಟು ಸಮಯ ಸಿಗುತ್ತೆ ಅನ್ನುವಂತಿಲ್ಲ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಕಚೇರಿಯೂ ದಿಢೀರನೆ ನಿಂತುಹೋಯ್ತು.

ಅದಕ್ಕೆ ನಮ್ಮ ಸಲಹೆ ಒಂದೇ. ಕೊನೇ ಸೆಮಿಸ್ಟರಿನ ಪರೀಕ್ಷೆಗೆ ಮುಂಚೆ ಒಂದು ಮಧ್ಯಾಹ್ನ, ರಿಗ್ ಮುಟ್ಟಿರದ ಒಬ್ಬ ಜೂನಿಯರ್ ಟಿಪ್ಪಣಿ ಇಟ್ಟುಕೊಂಡು ಅಜ್ಜನನ್ನು ಮೂರು ಮೆಟ್ಟಿಲು ಹತ್ತಿಸಲಿ. ಬರೆದವರು ಪಕ್ಕದಲ್ಲೇ ಕೂತಿರಲಿ, ಬಾಯಿ ಬಿಡಬಾರದು. ಜೂನಿಯರ್ ಎಲ್ಲಿ ನಿಂತು ಮುಖ ನೋಡ್ತಾರೋ ಅಲ್ಲಿ ಟಿಪ್ಪಣಿಗೆ ಒಂದು ಸಾಲು ಸೇರಬೇಕು. ಒಮ್ಮೆಯೂ ಮುಖ ನೋಡದೆ ಮೂರನೇ ಮೆಟ್ಟಿಲು ಮುಟ್ಟಿದ ದಿನ ಹಸ್ತಾಂತರ ಮುಗಿಯಿತು ಅಂತ ಬರೆದುಕೊಳ್ಳೋಣ.