ಪರ-ವಿರೋಧ: ಲೋಪಿತಾಲ್ ನಿಯಮ ಸೂತ್ರಪಟ್ಟಿಗೆ ಇಳಿಯುತ್ತದೆಯೇ?

ಕಲನಶಾಸ್ತ್ರದ ಅಧ್ಯಾಯವೊಂದನ್ನು ಎರಡು ಪುಟದ ಸೂತ್ರಪಟ್ಟಿ ಮಾಡಿ, ಪ್ರತಿ ಪ್ರಮೇಯದ ಎದುರು ಅದರ ಷರತ್ತುಗಳನ್ನು ಬರೆದಿಟ್ಟರೆ ಅಧ್ಯಾಯದ ಕೆಲಸ ಆಗುತ್ತದೆಯೇ ಎಂಬುದು ಪ್ರಶ್ನೆ. ಇದನ್ನು ಒರೆಗೆ ಹಚ್ಚಲು ಲೋಪಿತಾಲ್ ನಿಯಮ ಒಳ್ಳೆಯ ಉದಾಹರಣೆ. ಹುಡುಗರ ಬಾಯಲ್ಲಿ ‘ಹಾಸ್ಪಿಟಲ್ ರೂಲ್’ ಆಗಿರುವ ಇದು 1696ರಲ್ಲಿ ಲೋಪಿತಾಲ್‌ ಪುಸ್ತಕದಲ್ಲಿ ಅಚ್ಚಾಯಿತು. ಅವನಿಗೆ ಅದನ್ನು ಕಲಿಸಿದವನು ಯೋಹಾನ್ ಬರ್ನೂಲಿ.

ಪರ

ಸೂತ್ರವನ್ನಷ್ಟೇ ಬರೆದುಕೊಂಡವರು ಎಡವುವ ಜಾಗ ಯಾವುದೆಂದು ಉತ್ತರಪತ್ರಿಕೆ ತಿದ್ದುವ ಉಪನ್ಯಾಸಕಿಗೆ ಗೊತ್ತು. x ಬೆಲೆ 1ರತ್ತ ಹೋಗುವಾಗ (x² + 1)/(x + 1)ರ ಮಿತಿ ಕೇಳಿದರೆ ಕೆಲವರು ಮೇಲೆ ಕೆಳಗೆ ಡಿಫರೆನ್ಷಿಯೇಟ್ ಮಾಡಿ 2x ಪಡೆದು, ಉತ್ತರ 2 ಎನ್ನುತ್ತಾರೆ. 1ನ್ನು ನೇರವಾಗಿ ಹಾಕಿದರೆ ಸಿಗುವುದು 2/2, ಅಂದರೆ 1. ರೂಪವೇ 0/0 ಅಲ್ಲದ ಮೇಲೆ ನಿಯಮಕ್ಕೆ ಅಲ್ಲಿ ಕೆಲಸವಿಲ್ಲ.

ಆಕೆಯ ಪಟ್ಟಿಯಲ್ಲಿ ಈ ನಿಯಮದ ಎದುರು ನಾಲ್ಕು ಷರತ್ತುಗಳಿವೆ. f/gಯ ರೂಪ 0/0 ಅಥವಾ ∞/∞ ಆಗಿರಬೇಕು. ಬಿಂದುವಿನ ಆಸುಪಾಸಿನಲ್ಲಿ ಎರಡೂ ಫಂಕ್ಷನ್‌ಗಳಿಗೆ ಡೆರಿವೇಟಿವ್ ಇರಬೇಕು. ಅಲ್ಲಿ g′ ಸೊನ್ನೆಯಾಗಬಾರದು. f′/g′ಗೆ ಮಿತಿ ಇರಬೇಕು, ಅದು ಅನಂತವಾದರೂ ಸರಿ. ಮೂರನೆಯದನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಅದಕ್ಕೆ ತೆರಬೇಕಾದ ಬೆಲೆಯನ್ನು ಒಟ್ಟೊ ಸ್ಟೋಲ್ಟ್ಸ್ 1879ರಲ್ಲಿ ತೋರಿಸಿದ. f = x + sin x cos x, g = f·e^(sin x) ಎಂದಿಟ್ಟು x ಅನಂತಕ್ಕೆ ಹೋಗಲಿ. f′ನಲ್ಲೂ g′ನಲ್ಲೂ cos x ಸಾಮಾನ್ಯ ಅಪವರ್ತನ. ಅದನ್ನು ಹೊಡೆದುಹಾಕಿದರೆ ಉಳಿದ ಭಾಗಲಬ್ಧ 0ಗೆ ಇಳಿಯುತ್ತದೆ. ಆದರೆ f/g ಎಂದರೆ e^(−sin x). ಅದು 1/e ಮತ್ತು eಗಳ ನಡುವೆ ತೂಗಾಡುತ್ತಲೇ ಇರುತ್ತದೆ, ಮಿತಿಯೇ ಇಲ್ಲ. ಹೊಡೆದುಹಾಕಿದ ಆ cos x ಮತ್ತೆ ಮತ್ತೆ ಸೊನ್ನೆಯಾಗುತ್ತಿತ್ತು. ತಪ್ಪು ನುಸುಳಿದ್ದು ಅಲ್ಲೇ. ಪಟ್ಟಿ ಮಾಡಲು ಕೂತವರು ಪ್ರತಿ ಷರತ್ತು ಸಾಧನೆಯ ಯಾವ ಸಾಲಿನಲ್ಲಿ ಬಳಕೆಯಾಗಿದೆ ಎಂದು ಹುಡುಕಲೇಬೇಕಾಗುತ್ತದೆ, ಆ ಹುಡುಕಾಟವೇ ಓದು ಎಂಬುದು ಆಕೆಯ ವಾದ. ಬೇರೆಯವರು ಮಾಡಿಟ್ಟ ಪಟ್ಟಿಯ ಜೆರಾಕ್ಸ್‌ಗೆ ಈ ಮಾತು ಅನ್ವಯಿಸದು.

ಇದೇ ಪಕ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಯ ಮಾತು ಅರ್ಧ ಸರಿ. ಷರತ್ತು ತಪ್ಪಿದರೆ ನಿಯಮ ಬಳಸುವಂತಿಲ್ಲ ಎನ್ನುವವರೆಗೆ ಅವನು ಸರಿ. ಹಾಗಾದರೆ ಮಿತಿಯೂ ಇಲ್ಲ ಎನ್ನುವಲ್ಲಿ ತಪ್ಪು. x ಅನಂತಕ್ಕೆ ಹೋಗುವಾಗ (x + sin x)/x ನೋಡಬಹುದು. ಡಿಫರೆನ್ಷಿಯೇಟ್ ಮಾಡಿದರೆ 1 + cos x ಬಂದು ಎಲ್ಲೂ ನಿಲ್ಲುವುದಿಲ್ಲ, ನಾಲ್ಕನೇ ಷರತ್ತು ಕೆಡುತ್ತದೆ. ಆದರೂ ಭಾಗಲಬ್ಧವನ್ನು 1 + (sin x)/x ಎಂದು ಬಿಡಿಸಿದರೆ ಮಿತಿ 1 ಎಂಬುದು ಕಣ್ಣೆದುರೇ ಇದೆ.

ವಿರೋಧ

ಈ ಗೊಂದಲವನ್ನು ಹುಟ್ಟಿಸುವುದೇ ಪಟ್ಟಿ ಎಂದು ನಿವೃತ್ತ ಮೇಷ್ಟ್ರೊಬ್ಬರು ಹೇಳುತ್ತಾರೆ. ಟಿಕ್ ಹಾಕುವ ಚೌಕಗಳನ್ನು ಕಂಡವನು ಟಿಕ್ ಬೀಳದಿದ್ದರೆ ಉತ್ತರವಿಲ್ಲ ಎಂದುಕೊಳ್ಳುತ್ತಾನೆ. ಷರತ್ತುಗಳಿದ್ದರೆ ಸಾಕು, ಇರಲೇಬೇಕೆಂದಿಲ್ಲ ಎಂಬುದನ್ನು ಚೌಕ ಹೇಳುವುದಿಲ್ಲ.

ಅವರ ಗಟ್ಟಿ ಆಕ್ಷೇಪ ಬೇರೆ. x ಸೊನ್ನೆಗೆ ಹೋಗುವಾಗ (sin x)/xಗೆ ನಾಲ್ಕೂ ಷರತ್ತು ಸರಿಹೊಂದುತ್ತವೆ, ಉತ್ತರ 1 ಎಂಬುದೂ ಸರಿ. ಆದರೆ sin xನ ಡೆರಿವೇಟಿವ್ cos x ಎಂದು ಸಾಧಿಸುವಾಗ ಬಳಸಿದ್ದು ಇದೇ ಮಿತಿಯನ್ನು. ಅದನ್ನು ಈಗ ಆ ಡೆರಿವೇಟಿವ್‌ನಿಂದ ಸಾಧಿಸಿದರೆ ಹೊರಟಲ್ಲಿಗೇ ಬಂದಂತೆ. ಈ ದೋಷ ಯಾವ ಷರತ್ತಿನಲ್ಲೂ ಸಿಕ್ಕಿಬೀಳದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅಧ್ಯಾಯದಲ್ಲಿದೆ. ಪಟ್ಟಿ ಮಾಡುವಾಗ ಮೊದಲು ಉದುರುವುದು ಆ ಕ್ರಮವೇ.

ಹಾಗಾದರೆ ಐದನೇ ಸಾಲಾಗಿ ಅದನ್ನೂ ಬರೆದರಾಯಿತು ಎಂಬುದು ಉಪನ್ಯಾಸಕಿಯ ಉತ್ತರ. ಅದು ಪ್ರಮೇಯದ ಷರತ್ತೇ ಅಲ್ಲವಲ್ಲ ಎಂದು ಮೇಷ್ಟ್ರ ತಕರಾರು. sin xಅನ್ನು ಅನಂತ ಶ್ರೇಣಿಯಾಗಿ ವ್ಯಾಖ್ಯಾನಿಸುವ ಪುಸ್ತಕದಲ್ಲಿ ಡೆರಿವೇಟಿವ್ ಶ್ರೇಣಿಯಿಂದಲೇ ಬರುತ್ತದೆ, ಅಲ್ಲಿ ಈ ಸುತ್ತುವಾದ ಇರುವುದೇ ಇಲ್ಲ. ಐದನೇ ಸಾಲು ಒಂದು ಪುಸ್ತಕಕ್ಕೆ ಬೇಕು, ಇನ್ನೊಂದಕ್ಕೆ ಬೇಡ.

ಈ ನಡುವೆ ಪಾಲಕರೊಬ್ಬರ ಪ್ರಶ್ನೆ, ಪಟ್ಟಿಯನ್ನು ಪರೀಕ್ಷಾ ಕೊಠಡಿಗೆ ಬಿಡುತ್ತಾರೆಯೇ ಎಂಬುದು. ಚರ್ಚೆಯ ವಿಷಯ ಅದಲ್ಲ. ಆದರೂ ಮೇಷ್ಟ್ರು ಅಲ್ಲಿ ಸ್ವಲ್ಪ ಸಡಿಲಿಸುತ್ತಾರೆ: ಉತ್ತರ ಮಾತ್ರ ಬೇಕಾದ ಬಹು ಆಯ್ಕೆಯ ಪರೀಕ್ಷೆಗೆ ಓದುವಾಗ (sin x)/xಗೆ ನಿಯಮ ಹಚ್ಚಿದರೆ ನಷ್ಟವಿಲ್ಲ, ಸಾಧಿಸಿ ಎಂದು ಕೇಳಿದಾಗ ಮಾತ್ರ ಅದು ನಿಲ್ಲದು. ಉಪನ್ಯಾಸಕಿಯೂ ತನ್ನ ಪಟ್ಟಿಯ ನೆತ್ತಿಯ ಮೇಲೆ ಅದು ಯಾವ ಪುಸ್ತಕದ ಯಾವ ಅಧ್ಯಾಯದಿಂದ ಆದದ್ದು ಎಂದು ಬರೆಯಲು ಒಪ್ಪುತ್ತಾಳೆ. ಐದನೇ ಸಾಲಿನ ಜಗಳ ಮಾತ್ರ ಹಾಗೇ ಉಳಿದಿದೆ.