650 ವ್ಯಾಟ್ ಎಂಬ ಗುಮ್ಮ

ವಿಜಯನಗರದ ನಮ್ಮ ಬಾಡಿಗೆ ಮನೆಗೂ ಕೆಳಗಿನ ಓನರ್ ಆಂಟಿ ಮನೆಗೂ ಒಂದೇ ಮೀಟರ್. ನಾನು ಡೆಸ್ಕ್‌ಟಾಪ್ ಜೋಡಿಸಿದ ವಾರವೇ ಆಂಟಿ ಮೇಲೆ ಬಂದರು. ಎಸ್‌ಎಂಪಿಎಸ್ ಡಬ್ಬದ ಮೇಲಿನ '650W' ಅವರ ಕಣ್ಣಿಗೆ ಬಿದ್ದಿತ್ತು. "ಏನಪ್ಪಾ, ದಿನಾ ಹತ್ತು ಗಂಟೆ ಹಾಕ್ತೀಯ. ತಿಂಗಳಿಗೆ 195 ಯೂನಿಟ್ ಆಯ್ತು. ನಮ್ಮ ಗೃಹಜ್ಯೋತಿ ಹೋಗುತ್ತೆ, ತಿಂಗಳಿಗೆ ಸಾವಿರ ರೂಪಾಯಿ ಜಾಸ್ತಿ ಕೊಡು" ಎಂದರು.

ಅವರ ಗುಣಾಕಾರ ಸರಿಯಾಗಿತ್ತು. ಭಯವೂ ಸುಳ್ಳಲ್ಲ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಪ್ಪಿದ್ದು ಒಂದೇ ಕಡೆ: 650 ಎಂಬುದು ಎಸ್‌ಎಂಪಿಎಸ್ ಒಳಗಿನ ಭಾಗಗಳಿಗೆ ಗರಿಷ್ಠ ಎಷ್ಟು ಕೊಡಬಲ್ಲದು ಎಂಬ ಲೆಕ್ಕ. ಗೋಡೆಯಿಂದ ಸದಾ ಅಷ್ಟನ್ನೇ ಎಳೆಯುತ್ತದೆ ಎಂದಲ್ಲ. ಇಪ್ಪತ್ತು ಲೀಟರಿನ ಬಿಂದಿಗೆ ಇದೆಯೆಂದು ಪ್ರತಿ ಸಲ ಇಪ್ಪತ್ತು ಲೀಟರ್ ಕುಡಿಯುತ್ತೇವೆಯೇ?

ಬಾಯಿಮಾತಿಗೆ ಆಂಟಿ ಒಪ್ಪಲಿಲ್ಲ. ಹಾಗಾಗಿ ಮೀಟರನ್ನೇ ಸಾಕ್ಷಿ ಮಾಡಿದೆವು. ಡಿಜಿಟಲ್ ಮೀಟರಿನಲ್ಲಿ ಮಿನುಗುವ ಕೆಂಪು ದೀಪವೊಂದಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆಂದು ಬರೆದಿರುತ್ತಾರೆ. ನಮ್ಮದರಲ್ಲಿ 3200 imp/kWh ಎಂದಿತ್ತು. ಫ್ರಿಡ್ಜ್ ಸೇರಿ ಎರಡೂ ಮನೆಯ ಎಲ್ಲವನ್ನೂ ಆಫ್ ಮಾಡಿ, ಕಂಪ್ಯೂಟರ್ ಮತ್ತು ಮಾನಿಟರ್ ಮಾತ್ರ ಹಾಕಿ ಹತ್ತು ನಿಮಿಷ ಎಣಿಸಿದೆವು. ಈ ಮೀಟರಿಗೆ ಹತ್ತು ನಿಮಿಷದ ಮಿನುಗನ್ನು 1.875ರಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ನಿಮ್ಮ ಮೀಟರಿನಲ್ಲಿ ಬೇರೆ ಸಂಖ್ಯೆ ಇದ್ದರೆ 6000ವನ್ನು ಅದರಿಂದ ಭಾಗಿಸಿ, ಬಂದ ಉತ್ತರದಿಂದ ಗುಣಿಸಿ.

ಸುಮ್ಮನೆ ಆನ್ ಇದ್ದಾಗ 41 ಮಿನುಗು, ಅಂದರೆ 77 ವ್ಯಾಟ್. ಇದರಲ್ಲಿ ಮಾನಿಟರ್ ಪಾಲು ಸುಮಾರು 22. ಬ್ರೌಸರ್ ತೆರೆದು ಕೋಡ್ ಬರೆಯುವಾಗ 52 ಮಿನುಗು, 97 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಬೆವರುವಂಥ ಗೇಮ್ ಹಾಕಿದಾಗ 161 ಮಿನುಗು, 302 ವ್ಯಾಟ್. ಸ್ಲೀಪ್‌ನಲ್ಲಿ ಹತ್ತು ನಿಮಿಷಕ್ಕೆ ಒಂದೆರಡು ಮಿನುಗು ಅಷ್ಟೇ. ದಿನಕ್ಕೆ ಎರಡು ಗಂಟೆ ಗೇಮ್, ಎಂಟು ಗಂಟೆ ಓದು, ಉಳಿದದ್ದು ಸ್ಲೀಪ್ ಎಂದರೆ ತಿಂಗಳಿಗೆ ಸುಮಾರು 43 ಯೂನಿಟ್. 195 ಎಲ್ಲಿ, 43 ಎಲ್ಲಿ!

ಆದರೆ ಆಂಟಿ ಪೂರ್ತಿ ಸೋಲಲೂ ಇಲ್ಲ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. ನಮ್ಮಂಥ ಮನೆಗೆ 2022-23ರ ತಿಂಗಳ ಸರಾಸರಿಗೆ ಶೇ 10 ಸೇರಿಸಿದಷ್ಟು ಮಾತ್ರ ಉಚಿತ. ಈ ಮನೆಗೆ ಸಿಗುವುದು 121 ಯೂನಿಟ್, ಮೊದಲೇ 118 ಖರ್ಚಾಗುತ್ತಿತ್ತು. ಹಾಗಾಗಿ ಹೆಚ್ಚುವ 40 ಯೂನಿಟ್ ನನ್ನದೇ. ಯೂನಿಟ್‌ಗೆ ಸುಮಾರು ಆರು ರೂಪಾಯಿಯಂತೆ 240 ಕೊಡುತ್ತೇನೆಂದೆ, ಒಪ್ಪಿದರು.

ಇದನ್ನು ಕೇಳಿದ ಕೆಂಗೇರಿಯ ಗೆಳೆಯ, "ಗೋಲ್ಡ್ ಎಸ್‌ಎಂಪಿಎಸ್ ಹಾಕಿದ್ರೆ ಅದೂ ಉಳಿಯುತ್ತಿತ್ತಲ್ಲ" ಎಂದ. ಅಂಗಡಿಯವರೂ ಹಾಗೆಯೇ ಹೇಳುತ್ತಾರೆ. '80 ಪ್ಲಸ್' ಬ್ಯಾಡ್ಜ್ ಹೇಳುವುದಿಷ್ಟು: ಗೋಡೆಯಿಂದ ಪಡೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಎಂದು. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡಿಗೆ ಬ್ರಾಂಜ್ ಶೇ 85, ಗೋಲ್ಡ್ ಶೇ 90 ಮುಟ್ಟಬೇಕು. ನಮ್ಮ 230 ವೋಲ್ಟ್‌ನಲ್ಲಿ ಎರಡೂ ತುಸು ಮೇಲೇರುತ್ತವೆ, ಅಂತರ ಹೆಚ್ಚು ಬದಲಾಗದು.

ಈ ಐದು ಪರ್ಸೆಂಟ್ ನನ್ನ ಬಳಕೆಯಲ್ಲಿ ಎಷ್ಟು? ಗೇಮ್ ಆಡುವಾಗ 15 ವ್ಯಾಟ್, ಓದುವಾಗ ನಾಲ್ಕು. ತಿಂಗಳಿಗೆ ಎರಡು ಯೂನಿಟ್‌ಗೂ ಕಡಿಮೆ, ಹನ್ನೆರಡು ರೂಪಾಯಿ. ಗೋಲ್ಡ್‌ಗೆ 1500 ರೂಪಾಯಿ ಹೆಚ್ಚು ಕೊಟ್ಟರೆ ಅದು ವಾಪಸ್ ಬರಲು ಹತ್ತು ವರ್ಷ ಬೇಕು. ಇನ್ನೊಂದು ಮಾತು, ಟೈಟಾನಿಯಂ ಬಿಟ್ಟು ಉಳಿದ ಬ್ಯಾಡ್ಜ್‌ಗಳ ಪರೀಕ್ಷೆ ಶುರುವಾಗುವುದೇ ಶೇ 20 ಲೋಡಿನಿಂದ. 650ರಲ್ಲಿ ಅದು 130 ವ್ಯಾಟ್. ನನ್ನ ಕಂಪ್ಯೂಟರ್ ದಿನದ ಬಹುಪಾಲು ಅದಕ್ಕಿಂತ ಕೆಳಗೇ ಇರುತ್ತದೆ. ಅಲ್ಲಿ ಏನಾಗುತ್ತದೆಂದು ಬ್ಯಾಡ್ಜ್ ಹೇಳುವುದೇ ಇಲ್ಲ.

ಹಾಗೆಂದು ಎಸ್‌.ಪಿ. ರೋಡಿನಲ್ಲಿ ಅತಿ ಅಗ್ಗದ್ದನ್ನು ತರಬೇಡಿ. ಲೇಬಲ್ ಓದಿ. ಡಬ್ಬದ ಮೇಲೆ 450 ವ್ಯಾಟ್ ಎಂದಿದ್ದು, 12 ವೋಲ್ಟ್ ಸಾಲಿನಲ್ಲಿ 16 ಆಂಪಿಯರ್ ಎಂದಿದ್ದರೆ ಗುಣಿಸಿ: 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬದುಕುವುದು ಆ ಸಾಲಿನ ಮೇಲೆಯೇ. ಗೇಮ್ ಆರಂಭವಾದೊಡನೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದವುಗಳಲ್ಲಿ ಇದೂ ಒಂದು. ಬ್ರಾಂಜ್ ಬ್ಯಾಡ್ಜ್ ಇರುವ, ಲೇಬಲ್ ಪ್ರಾಮಾಣಿಕವಾಗಿರುವ ಎಸ್‌ಎಂಪಿಎಸ್ ನಮ್ಮಂಥವರಿಗೆ ಸಾಕು ಎಂಬುದು ನನ್ನ ಅಭಿಪ್ರಾಯ.

ಬಿಲ್ ಇಳಿಸುವ ದಾರಿ ಬೇರೆಯೇ ಇದೆ. ರಾತ್ರಿ, ಕಾಲೇಜಿನ ಹೊತ್ತು ಸೇರಿ ದಿನಕ್ಕೆ ಹದಿನಾಲ್ಕು ಗಂಟೆ ಮಾನಿಟರ್ ಮಾತ್ರ ಆರಿಸಿ ಕಂಪ್ಯೂಟರ್ ಬಿಟ್ಟರೆ, 55 ವ್ಯಾಟಿನಂತೆ ತಿಂಗಳಿಗೆ 23 ಯೂನಿಟ್, ಸುಮಾರು 140 ರೂಪಾಯಿ. ಗೋಲ್ಡ್ ಉಳಿಸುವುದರ ಹತ್ತು ಪಟ್ಟಿಗೂ ಹೆಚ್ಚು. ಈಗ ನಾನು ಎದ್ದು ಹೋಗುವಾಗ ಸ್ಲೀಪ್ ಒತ್ತುತ್ತೇನೆ. ಆಂಟಿ ಆಗಾಗ ಕೆಳಗೆ ಕೆಂಪು ದೀಪ ಎಣಿಸುತ್ತಿರುತ್ತಾರೆ.